ಎರಡನ್ನು ಯಾಕೆ ಹೊಡೆದೆ?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ತಲ್‌ನ ನಮ್ಮ ಮನೆಯ ಪಡಸಾಲೆಯಲ್ಲಿ ಲೆಕ್ಕದ ಟ್ಯೂಷನ್ ಹೇಳುತ್ತೇನೆ. ಅಲ್ಲಿ ಕೂತು ಹೋದ ಮಕ್ಕಳನ್ನು ಯಾರನ್ನು ಬೇಕಾದರೂ ಕೇಳಿ. ಅವರಲ್ಲೂ ಹೊಲಿಗೆ ಅಂಗಡಿಯವಳ ಹಿರಿಮಗಳು ತಿಂದಷ್ಟು ಬೈಗುಳ ಇನ್ನಾರೂ ತಿಂದಿಲ್ಲ. ವರ್ಗ ಸಮೀಕರಣಕ್ಕೆ ಸಾಮಾನ್ಯವಾಗಿ ಎರಡು ಉತ್ತರ; ಒಂದು ಸಿಕ್ಕರೆ ಸಾಕು, ಪೆನ್ನಿಗೆ ಮುಚ್ಚಳ ಹಾಕಿಬಿಡುತ್ತಿದ್ದಳು. "ಇನ್ನೊಂದು ಎಲ್ಲೈತವ್ವಾ? ಮನ್ಯಾಗ ಬಿಟ್ಟು ಬಂದೀಯೇನು?" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಹತ್ತನೇ ತರಗತಿ ಮುಗಿದಾಗ ಅವಳ ತಾಯಿ ಕಾಮರ್ಸ್ ಸಾಕು ಎಂದರು. ನಾನೇ ಹೋಗಿ ಮಾತಾಡಿ ಗಣಿತದ ಗ್ರೂಪ್ ಕೊಡಿಸಿದೆ. ಗದ್ವಾಲದಲ್ಲಿ ಅವಳ ಸೋದರತ್ತೆಯ ಮನೆ, ಅಲ್ಲಿಂದಲೇ ಕಾಲೇಜು. "ಲೆಕ್ಕ ಬರದಿದ್ರ ಗ್ರೂಪ್ ಬದ್ಲಿ ಮಾಡ್ಸು, ಅದಕ್ಕೂ ಟೈಮ್ ಐತಂತ" ಎಂದು ತಾಯಿ ಮೊದಲೇ ಹೇಳಿ ಕಳಿಸಿದ್ದರು. ಹುಡುಗಿ ಹೆದರಿಕೊಂಡೇ ಹೋದಳು. ದಿನಾ ಸಂಜೆ ಬಿಡಿಸಿದ ಲೆಕ್ಕದ ಫೋಟೊ ಕಳಿಸಿ, ಕೆಳಗೆ "ಸರಿ ಐತೇನ್ರಿ ಟೀಚರ್?" ಎಂದು ಬರೆಯುತ್ತಿದ್ದಳು.

ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟು. ಫೋನಿನಲ್ಲಿ ಉದ್ದನೆಯ ಫೋಟೊ ಬಂದಿತ್ತು. ತೆರೆಯದಿದ್ದರೆ ನಡುಭಾಗ ಮಾತ್ರ ಕಾಣುತ್ತದೆ, ಮೇಲಿನದೂ ಕೆಳಗಿನದೂ ಮರೆಯಾಗುತ್ತದೆ. ಕಂಡದ್ದಿಷ್ಟು: x² − 11x + 18 = 0, ಅದರ ಕೆಳಗೆ x = 9, x = 2. x = 2 ಅನ್ನು ಗೀಟೆಳೆದು ಹೊಡೆದು ಹಾಕಿದ್ದಳು.

ನನಗೆ ರೇಗಿಹೋಯಿತು. ಹಿಟ್ಟಿನ ಬೆರಳಲ್ಲೇ ಗುಂಡಿ ಒತ್ತಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. "ಎರಡನ್ನ ಯಾಕ ಹೊಡದಿ? ಮತ್ತ ಅದೇ ಚಾಳಿ. ಎಷ್ಟು ಸಲ ಹೇಳೂದು ನಿನಗ? ಎರಡೂ ಬರಿ, ಸುಮ್ನ."

"ಆತ್ರಿ" ಎಂದು ಉತ್ತರ ಬಂತು. ನಾನು ಮತ್ತೆ ರೊಟ್ಟಿಗೆ ಕೈ ಹಾಕಿದೆ.

ಮರುದಿನ ಸಂಜೆ ಫೋಟೊ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹುಷಾರಿಲ್ಲವೇನೋ ಅಂದುಕೊಂಡು ಹಳೆಯ ಫೋಟೊ ತೆರೆದೆ. ಈಗ ಪೂರ್ತಿ ಕಂಡಿತು. ಮೇಲಿನ ಸಾಲಿನಲ್ಲಿ √(x + 7) = x − 5 ಎಂದಿತ್ತು.

ವರ್ಗಮೂಲ ಹೋಗಲಿ ಎಂದು ಎರಡೂ ಕಡೆ ವರ್ಗ ಮಾಡಿದ್ದಳು. ಹಾಗೆ ಮಾಡಿದಾಗ ಮೂರರ ವರ್ಗವೂ ಒಂಬತ್ತೇ, ಮೈನಸ್ ಮೂರರ ವರ್ಗವೂ ಒಂಬತ್ತೇ. ಮೂಲ ಸಮೀಕರಣಕ್ಕೆ ಹೊಂದದ ಉತ್ತರವೂ ನಡುವೆ ನುಸುಳಿಬಿಡುತ್ತದೆ. ಅದಕ್ಕೇ ಸಿಕ್ಕಿದ್ದನ್ನೆಲ್ಲ ಮೊದಲ ಸಾಲಿಗೆ ಹಾಕಿ ನೋಡಬೇಕು. ಒಂಬತ್ತು ಹಾಕಿದರೆ ಎಡಕ್ಕೆ ಹದಿನಾರರ ವರ್ಗಮೂಲ ನಾಲ್ಕು, ಬಲಕ್ಕೂ ನಾಲ್ಕು. ಎರಡು ಹಾಕಿದರೆ ಎಡಕ್ಕೆ ಮೂರು, ಬಲಕ್ಕೆ ಮೈನಸ್ ಮೂರು. ಗೀಟು ಸರಿಯಾಗಿಯೇ ಇತ್ತು. ಫೋಟೊದ ತುದಿಯಲ್ಲಿ ಸಣ್ಣಕ್ಷರದಲ್ಲಿ ಆ ಪರೀಕ್ಷೆಯನ್ನೂ ಬರೆದಿದ್ದಳು. ಥೂ ನನ್ನ ಬುದ್ಧಿಗಿಷ್ಟು ಎಂದುಕೊಂಡೆ. ಫೋನ್ ಮಾಡಿದೆ, ಅವಳು ಎತ್ತಲಿಲ್ಲ.

ಬೆಳಿಗ್ಗೆ ಗದ್ವಾಲದ ಬಸ್ ಹತ್ತಿದೆ. ಕೃಷ್ಣಾ ನದಿ ದಾಟುವಾಗಲೂ ನಾನು ಏನು ಹೇಳಬೇಕು ಎಂದೇ ಯೋಚಿಸುತ್ತಿದ್ದೆ. ಕಾಲೇಜಿನ ಬೇವಿನ ಮರದ ಕೆಳಗೆ ಸಿಕ್ಕಳು. ನನ್ನನ್ನು ಕಂಡು ಎದ್ದು ನಿಂತಳು.

"ಮೊನ್ನೆ ನಮ್ಮ ಲೆಕ್ಕದ ಸಾರು ಬೋರ್ಡಿಗೆ ಕರದ್ರು. ಎರಡೂ ಬರದೆ. ಎರಡನ್ನ ಹಾಕಿ ನೋಡಂದ್ರು ಸಾರು. ಮೂರು ಇಸೀಕ್ವಲ್ಟು ಮೈನಸ್ ಮೂರು ಅಂತ ನನ್ನ ಕೈಲೇ ಬರೆಸಿದ್ರು. ಕ್ಲಾಸೆಲ್ಲ ನಕ್ಕಿತ್ರಿ."

"ನಾ ಹೇಳೀನಿ ಅಂತ ಅನ್ನಬೇಕಿತ್ತಲ್ಲವ್ವಾ."

"ಯಾರು ಕಲಿಸಿದ್ರು ಅಂತ ಸಾರು ಕೇಳಿದ್ರು. ಯಾರಿಲ್ಲ, ನಂದೇ ಅಂದೆ."

ಮಕ್ತಲ್‌ನಲ್ಲಿ ನಾಲ್ಕು ಜನರೆದುರು ಇದೇ ಹುಡುಗಿಯನ್ನು ನಗೆಪಾಟಲು ಮಾಡುತ್ತಿದ್ದವಳು ನಾನು. ಅವಳು ನನ್ನ ಮರ್ಯಾದೆ ಕಾಪಾಡಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಡಿ, ನಿಮ್ಮ ಸಾರಿಗೆ ನಾ ಹೇಳ್ತೀನಿ, ತಪ್ಪು ನಂದೇ ಅಂತ" ಎಂದೆ.

"ಬ್ಯಾಡ್ರಿ ಟೀಚರ್. ನಿನ್ನೆ ಕಡೀ ದಿನ ಇತ್ತು. ಗ್ರೂಪ್ ಬದ್ಲಿ ಮಾಡ್ಸಿದೆ. ಕಾಮರ್ಸ್ ತಗೊಂಡೀನ್ರಿ."

"ನಿಂದು ಸರಿ ಇತ್ತಲ್ಲವ್ವಾ!"

"ಹೌದ್ರಿ, ಹಾಕಿ ನೋಡಿದ್ದೆ. ನಂಗ ಗೊತ್ತಿತ್ತು. ಆದ್ರೂ ನೀವಂದ್ರಿ ಅಂತ ಮತ್ತ ಬರದೆ. ಹಿಂಗ ಗೊತ್ತಿದ್ದೂ ಬಿಟ್ಟುಕೊಡಾಕಿ ಲೆಕ್ಕ ಏನ್ ಮಾಡ್ತಾಳ್ರಿ?"

ಗಂಟೆ ಹೊಡೆಯಿತು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿದಳು.

"ನನ್ನ ತಂಗಿ ಟ್ಯೂಷನ್ನಿಗೆ ನಿಮ್ಮ ಹತ್ರಾನೇ ಬರ್ತಾಳಲ್ರಿ. ಅಕಿ ಒಂದು ಉತ್ತರ ಹೊಡದು ಹಾಕಿದ್ರ, ಯಾಕ ಹೊಡದಿ ಅಂತ ಕೇಳ್ರಿ. ಕೇಳಿ, ಅಕಿ ಹೇಳೂತನಕ ಸುಮ್ನ ಇರ್ರಿ."