ಅಕ್ಕನಿಗೆ ಅಂಟಿದ ಹೆಸರು

ಓಣಿಗೆಲ್ಲ ಅವಳು ಅಕ್ಕ. ಶವಾಗಾರದಲ್ಲಿ ಹೆಣಗಳಿಗೆ ಸ್ನಾನ ಮಾಡಿಸುತ್ತಿದ್ದವಳು, ಸತ್ತವರ ಮುಖಗಳು ಕನಸಿಗೆ ಬರತೊಡಗಿದ ಮೇಲೆ ಆ ಕೆಲಸ ಬಿಟ್ಟಳು. ಇನ್ನು ಎಳೆಮಕ್ಕಳಿಗೆ ನೀರೆರೆದು ಬದುಕೋಣ ಎಂದುಕೊಂಡು ಒಬ್ಬ ಬಾಣಂತಿಗೆ ಫೋನ್ ಮಾಡಿದಳು.

"ನೀವು... ಹೆಣ ತೊಳೆಯೋರಾ? ಕರೆ ಮಾಡೋರ ಹೆಸರು ತೋರಿಸೋ ಆ್ಯಪಲ್ಲಿ ಹಾಗೇ ಬರ್ತಿದೆ," ಎಂದ ಬಾಣಂತಿ ಗಾಬರಿಯಲ್ಲಿ ಫೋನ್ ಇಟ್ಟೇಬಿಟ್ಟಳು.

"ನನ್ನ ಫೋನಲ್ಲಿ ಆ ಆ್ಯಪೇ ಇಲ್ವಲ್ಲೇ!" ಎಂದು ಅಕ್ಕ ತನ್ನ ತಂಗಿಯ ಮಗಳ ಮುಂದೆ ಗೋಳಾಡಿದಳು.

"ನಿನ್ನ ಫೋನಲ್ಲಿ ಯಾಕೆ ಬೇಕು ದೊಡ್ಡಮ್ಮ? ನಿನ್ನ ನಂಬರ್ ಇರೋರು ಆ್ಯಪ್ ಹಾಕ್ಕೊಂಡು ಕಾಂಟ್ಯಾಕ್ಟ್ಸ್‌ಗೆ ಒಪ್ಪಿಗೆ ಕೊಟ್ಟರೆ ಸಾಕು, ಎಲ್ಲಾ ಹೆಸರು ಅಲ್ಲಿಗೆ ಹೋಗುತ್ತೆ. ತುಂಬಾ ಜನ ಏನಂತ ಬರ್ಕೊಂಡಿರ್ತಾರೋ ಅದೇ ಎಲ್ಲರಿಗೂ ಕಾಣುತ್ತೆ."

"ಒಪ್ಪಿಗೆ ಅವರದು, ಹೆಸರು ನಂದು! ಚೆನ್ನಾಗಿದೆ ವ್ಯವಹಾರ. ಹೆಣದ ಮುಂದೆ ಅಳ್ತಾ ನನ್ನ ನಂಬರ್ ತಗೊಂಡೋರು, ಪಾಪ, ಇನ್ನೇನಂತ ಬರ್ಕೊಂತಾರೆ? ಅಳಿಸಿಬಿಡು."

ಹುಡುಗಿ ಆ್ಯಪಿನವರಿಗೆ ಕೋರಿಕೆ ಕಳಿಸಿದಳು. ಹೆಸರು ಹೋಯಿತು. ಆದರೆ ಬರೀ ನಂಬರ್ ಕಂಡ ಬಾಣಂತಿಯರು, ಯಾರೋ ಮೋಸಗಾರರಿರಬೇಕೆಂದು ಫೋನೇ ಎತ್ತಲಿಲ್ಲ. ಅಕ್ಕ ದಿನವೂ ಮಾಡಿ ಮಾಡಿ ಸುಸ್ತಾದಳು.

ಕೊನೆಗೊಮ್ಮೆ ಅವಳ ಫೋನೇ ಮೊಳಗಿತು. "ಅಕ್ಕಾ, ನಮ್ಮಮ್ಮನೂ ಹೋಗಿಬಿಟ್ರು." ಅಪ್ಪ ತೀರಿಕೊಂಡಾಗ ಬರೆದಿಟ್ಟುಕೊಂಡ ಹೆಸರು ಕರೆ ಮಾಡಿದವನ ಮೊಬೈಲಿನಲ್ಲಿ ಹಾಗೇ ಇತ್ತು. ಅದನ್ನು ಅಳಿಸುವವರು ಯಾರು?

"ಬಂದೆ ಕಣಪ್ಪಾ," ಎಂದಳು ಅಕ್ಕ. ಮಕ್ಕಳಿಗೆಂದು ತಂದಿದ್ದ ಎಣ್ಣೆ ಬಾಟಲಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಹಳೆಯ ಕೈಗವಸುಗಳನ್ನು ಹುಡುಕತೊಡಗಿದಳು.