ಈಗ ಎಷ್ಟು ಬೇಜಾರು?

ಶಿವಾಜಿನಗರದ ಆಬಿದಾ ಸರ್ವೆ ಕೆಲಸಕ್ಕೆ ಇಳಿದು ಎಷ್ಟೋ ವರ್ಷವಾಗಿತ್ತು. ಸೋಪು, ಟೀಪುಡಿ, ಪೋಲಿಯೊ ಹನಿ, ಟಿವಿ ಧಾರಾವಾಹಿ, ಯಾವುದರ ಬಗ್ಗೆ ಜನರನ್ನು ಕೇಳಬೇಕಾದರೂ ಊರಿನ ಪೂರ್ವಭಾಗಕ್ಕೆ ಅವಳನ್ನೇ ಕರೆಯುತ್ತಿದ್ದರು. ಹಲಸೂರಿನಲ್ಲಿ ತಮಿಳು, ಫ್ರೇಜರ್ ಟೌನಿನಲ್ಲಿ ದಖನಿ ಉರ್ದು, ಕೆ.ಆರ್. ಪುರದಲ್ಲಿ ಕನ್ನಡ ಮಾತಾಡುತ್ತಿದ್ದಳು. ಬೇರೆಯವರ ಮುಖಕ್ಕೆ ಬಾಗಿಲು ಹಾಕುವವರೂ ಇವಳನ್ನು ಒಳಗೆ ಕರೆದು ನೀರು ಕೊಡುತ್ತಿದ್ದರು. ಜನರ ಬಾಯಿ ಬಿಡಿಸುವುದು ತನಗೆ ಗೊತ್ತು ಎಂಬ ಜಂಬ ಅವಳಿಗಿತ್ತು. ಇರಲಿ ಬಿಡಿ, ಗಂಡ ಬಿಟ್ಟು ಹೋದ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದೇ ಆ ಜಂಬ.

2006ರಲ್ಲಿ ಇಂದಿರಾನಗರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಿಂದ ಕರೆ ಬಂತು. ಅಲ್ಲಿನ ಮುಖ್ಯಸ್ಥ ಪ್ರೇಮ್‌ಕುಮಾರ್ ಪಿಯುಸಿ ಮಕ್ಕಳಿಗೆ ಓದುವಾಗ ಎಷ್ಟು ಬೋರಾಗುತ್ತದೆ ಎಂದು ತಿಳಿಯಲು ಹೊರಟಿದ್ದರು. ಒಂದೇ ಸಲ ಕೇಳಿದರೆ ಸಾಲದು ಎನ್ನುವುದು ಅವರ ವಾದ. ಕಳೆದ ತಿಂಗಳು ಹೇಗಿದ್ದೆ ಎಂದು ಫಾರಂ ಕೊಟ್ಟರೆ, ಹುಡುಗರು ತಿಂಗಳನ್ನೆಲ್ಲ ಒಟ್ಟು ಹಾಕಿ, ಅರ್ಧ ಮರೆತು, ಬರೆಯುವ ಹೊತ್ತಿಗೆ ಮನಸ್ಸು ಹೇಗಿದೆಯೋ ಅದನ್ನೂ ಬೆರೆಸಿ ಒಂದು ಉತ್ತರ ಬರೆಯುತ್ತಾರೆ. ಅದು ನೆನಪಿನ ಉತ್ತರ. ತಮಗೆ ಬೇಕಾದದ್ದು ಆ ಗಳಿಗೆಯ ಉತ್ತರ ಎನ್ನುತ್ತಿದ್ದರು.

ಅದಕ್ಕೇ ಮಕ್ಕಳ ಕೈಗೆ ಒಂದೊಂದು ಸಾದಾ ಮೊಬೈಲು. ಎರಡು ವಾರ, ದಿನಕ್ಕೆ ಆರು ಸಲ ಮೆಸೇಜು. ದಿನವನ್ನು ಆರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಯಾವ ಗಳಿಗೆಯಲ್ಲಿ ಕೇಳಬೇಕೆಂದು ಕಂಪ್ಯೂಟರೇ ಚೀಟಿ ಎತ್ತಿದಂತೆ ಆರಿಸುತ್ತಿತ್ತು. ಬರುವ ಹೊತ್ತು ಮೊದಲೇ ಗೊತ್ತಾದರೆ ಉತ್ತರವೂ ಮೊದಲೇ ತಯಾರಾಗಿರುತ್ತದಲ್ಲ. ಕೂಡಲೇ ಮೂರು ಅಂಕಿ ಒತ್ತಿ ಕಳಿಸಬೇಕು: ಎಷ್ಟು ಬೋರು, ಒಂದೆಂದರೆ ಏನೂ ಇಲ್ಲ, ಏಳೆಂದರೆ ತೀರಾ ಹೆಚ್ಚು; ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ, ಅವಕ್ಕೂ ಗೊತ್ತುಮಾಡಿದ ಒಂದೊಂದು ಅಂಕಿ. ತಡವಾಗಿ ಬಂದ ಉತ್ತರ ಲೆಕ್ಕಕ್ಕಿಲ್ಲ, ಅಷ್ಟರಲ್ಲಿ ಅದೂ ನೆನಪಾಗಿಬಿಟ್ಟಿರುತ್ತದೆ.

ಕನ್ನಡದಲ್ಲಿ ಪ್ರಶ್ನೆ ಮಾಡಿಕೊಟ್ಟವಳು ಆಬಿದಾ. ಬೋರ್ ಎನ್ನುವುದಕ್ಕೆ ಅವಳು ಬೇಜಾರು ಎಂದಳು. ಅವಳ ಮನೆಯ ದಖನಿಯಲ್ಲಿ ಬೇಜಾರ್ ಎಂದರೆ ಸಾಕಾಗಿಹೋಗುವುದು, ಅಷ್ಟೇ. ಕನ್ನಡದವರೂ ಪಾಠ ಬೇಜಾರು, ಸಿನಿಮಾ ಬೇಜಾರು ಎನ್ನುವುದನ್ನು ಅವಳು ದಿನಾ ಕೇಳಿದ್ದಳು. ಅದೇ ಜನ ಮಗು ಸತ್ತಾಗಲೂ ಬೇಜಾರು ಎನ್ನುತ್ತಾರೆ, ಯಾರಾದರೂ ಮನಸ್ಸು ಮುರಿದಾಗಲೂ ಬೇಜಾರು ಎನ್ನುತ್ತಾರೆ. ಅದು ಆಗ ಅವಳಿಗೆ ಹೊಳೆಯಲಿಲ್ಲ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಕಲಿತು ಬೆಳೆದ ಪ್ರೇಮ್‌ಕುಮಾರ್‌ಗೂ ಹೊಳೆಯಲಿಲ್ಲ. ಪ್ರಶ್ನೆಯನ್ನು ಮಕ್ಕಳ ಮುಂದೆ ಒಮ್ಮೆ ಓದಿ, ನಿಮಗೆ ಏನು ಅರ್ಥವಾಯಿತು ಎಂದು ಕೇಳಬೇಕಿತ್ತು. ಅಷ್ಟನ್ನು ಇಬ್ಬರೂ ಮಾಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಂಸ ಕೆ.ಆರ್. ಪುರದ ಕಾಲೇಜಿನ ಹುಡುಗಿ. ಟಿನ್ ಫ್ಯಾಕ್ಟರಿ ಹಿಂದಿನ ವಠಾರದಲ್ಲಿ ತಾಯಿ ಗೋವಿಂದಮ್ಮನ ಜೊತೆ ಇದ್ದಳು. ತಂದೆ ಇಲ್ಲ. ತಾಯಿಗೆ ಗಾರ್ಮೆಂಟ್ಸ್ ಕೆಲಸ, ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಮೊದಲ ದಿನ ಕ್ಲಾಸಿನಲ್ಲೇ ಫಾರಂ ಕೊಟ್ಟಾಗ ಹಂಸ ಗೆಳತಿಯರ ನಡುವೆ ನಗುತ್ತಾ ಕೂತಿದ್ದಳು. ಕಳೆದ ತಿಂಗಳು ಒಟ್ಟಾರೆ ಎಷ್ಟು ಬೇಜಾರು ಎಂಬುದಕ್ಕೆ ಎರಡು ಎಂದು ಗುರುತು ಹಾಕಿದಳು. ಸುಳ್ಳೇನೂ ಅಲ್ಲ, ಆ ಬೆಂಚಿನ ಮೇಲೆ ಕೂತಾಗ ಅವಳಿಗೆ ತಿಂಗಳು ಹಾಗೇ ಕಂಡಿರಬೇಕು.

ಮೊಬೈಲಿಗೆ ಬಂದ ಉತ್ತರಗಳೇ ಬೇರೆ. ವಾರ ಕಳೆದ ಮೇಲೆ, ಯಾರು ಉತ್ತರಿಸುತ್ತಿದ್ದಾರೆ ಯಾರು ಬಿಡುತ್ತಿದ್ದಾರೆ ಎಂದು ನೋಡಲು ಪ್ರೇಮ್‌ಕುಮಾರ್ ಕಂಪ್ಯೂಟರ್ ತೆಗೆದರು. ಒಂದನ್ನೂ ಬಿಡದೆ ಉತ್ತರಿಸಿದ್ದವಳು ಹಂಸ ಒಬ್ಬಳೇ. ಬೆಳಿಗ್ಗೆ ಒಂದು, ಕಾಲೇಜಿನಲ್ಲಿ ಎರಡು, ಸಂಜೆಯಾಯಿತೆಂದರೆ ಏಳು. ಸಂಜೆ, ಮನೆ, ಓದು, ಏಳು. ಪ್ರತಿದಿನ ಅದೇ. ಪ್ರೇಮ್‌ಕುಮಾರ್‌ಗೆ ಹಿಗ್ಗೋ ಹಿಗ್ಗು. ಫಾರಂನಲ್ಲಿ ಎರಡು, ಗಳಿಗೆಯಲ್ಲಿ ಏಳು, ತಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಮನೆಯಲ್ಲಿ ಓದಲು ಕೂತರೆ ಮಕ್ಕಳಿಗೆ ಎಷ್ಟು ಬೋರಾಗುತ್ತದೆ ನೋಡಿ ಎಂದು ಗೆರೆ ಎಳೆದು ತೋರಿಸಿದರು. ಆಬಿದಾ ಕೂಡ ನೋಡಿ ತಲೆದೂಗಿದಳು.

ತಲೆದೂಗಿ ಸುಮ್ಮನಿದ್ದರೂ ಆಗುತ್ತಿತ್ತು. ಚೆನ್ನಾಗಿ ಉತ್ತರಿಸುವವರನ್ನು ಹೊಗಳಿ ಹುರಿದುಂಬಿಸುವುದು ಅವಳ ಕೆಲಸದ ವಾಡಿಕೆ, ಹಂಸಳಿಗೆ ಫೋನ್ ಮಾಡಿದಳು. ಭೇಷ್ ಎಂದಳು. ಹುಡುಗಿ ತಿರುಗಿ ಕೇಳಿದಳು.

"ಮೇಡಂ, ನಾನ್ ಕಳಿಸೋದನ್ನ ನೀವೇ ನೋಡ್ತೀರಾ?"

ನೋಡುವುದು ಯಂತ್ರ. ಆಬಿದಾ ಅಂಕಿಗಳನ್ನು ಕಂಡದ್ದು ಅವತ್ತೊಂದೇ ದಿನ. ಹಾಗೆಂದು ಹೇಳಿದರೆ ಹುಡುಗಿ ಉತ್ತರಿಸುವುದನ್ನು ಬಿಟ್ಟಾಳು ಎಂದು ಅವಳ ಬಾಯಿಗೆ ಸಲೀಸಾಗಿ ಬೇರೆಯದೇ ಬಂತು.

"ನಾನೇ ನೋಡ್ತೀನಮ್ಮ. ದಿನಾ ನೋಡ್ತೀನಿ."

"ಏಳು ಅಂತ ಹಾಕಿರೋದೂ?"

"ಅದೂನೂ. ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಈ ವಯಸ್ನಲ್ಲಿ ಎಲ್ರಿಗೂ ಬೇಜಾರಾಗುತ್ತೆ. ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟು ಹೊರಗೆ ಓಡಾಡ್ಕೊಂಡು ಬಾ."

ಸರಿ ಮೇಡಂ ಎಂದು ಹುಡುಗಿ ಫೋನ್ ಇಟ್ಟಳು. ಉತ್ತರಗಳು ಇನ್ನೂ ನಾಲ್ಕೈದು ದಿನ ಬಂದವು. ಆಮೇಲೆ ಒಂದೂ ಬರಲಿಲ್ಲ. ಬಿಟ್ಟುಹೋದವರ ಸಾಲಿನಲ್ಲಿ ಅವಳ ಹೆಸರು ಕಂಡಾಗ ಪ್ರೇಮ್‌ಕುಮಾರ್ ಲೊಚಗುಟ್ಟಿ, ಅಷ್ಟು ಒಳ್ಳೆಯ ಡೇಟಾ ಅರ್ಧಕ್ಕೇ ನಿಂತಿತಲ್ಲ ಎಂದರು. ಮೊಬೈಲು ವಾಪಸ್ ತರಲು ಆಬಿದಾ ಬಸ್ಸು ಹತ್ತಿದಳು.

ವಠಾರದಲ್ಲಿ ಗೋವಿಂದಮ್ಮ ಬಾಗಿಲಲ್ಲೇ ಕೂತಿದ್ದಳು. ಕೆಲಸಕ್ಕೆ ಹೋಗಿ ದಿನಗಳಾಗಿದ್ದವು. ಹಂಸ ಒಂದು ಸಂಜೆ ಮನೆ ಬಿಟ್ಟು ಹೋದವಳು ಬಂದಿರಲಿಲ್ಲ. ಪೊಲೀಸಿನವರು ಕಂಪ್ಲೇಂಟ್ ಬರೆದುಕೊಂಡು, ಯಾವನ ಜೊತೆಗಾದರೂ ಹೋಗಿರುತ್ತಾಳೆ ಎಂದು ಕಳಿಸಿದ್ದರು. ಗೆಳತಿಯರಿಗೆ ಏನೂ ಗೊತ್ತಿರಲಿಲ್ಲ. ಮೊಬೈಲು ಮನೆಯಲ್ಲೇ ಇತ್ತು, ಬ್ಯಾಟರಿ ಖಾಲಿಯಾಗಿ ಸತ್ತು ಬಿದ್ದಿತ್ತು.

ಆಬಿದಾ ತಾನು ಯಾರೆಂದು ಹೇಳಿದ್ದೇ ತಡ, ಗೋವಿಂದಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ದೇವರು ಬಂದಂಗೆ ಬಂದ್ರಿ ಎಂದಳು. ಮಗಳು ತನ್ನ ಹತ್ತಿರ ಏನೂ ಹೇಳಿಕೊಳ್ಳುತ್ತಿರಲಿಲ್ಲವಂತೆ. ಮುಖ ಯಾಕೆ ಹಾಗಿದೆ ಎಂದು ಕೇಳಿದರೆ, ಒಬ್ಬರು ಮೇಡಂ ಇದ್ದಾರೆ, ದಿನಾ ವಿಚಾರಿಸ್ತಾರೆ, ಎಲ್ಲಾ ಅವರಿಗೆ ಹೇಳಿದ್ದೀನಿ, ಅವರೇ ಏನಾದ್ರೂ ಮಾಡ್ತಾರೆ ಅನ್ನುತ್ತಿದ್ದಳಂತೆ. ಆ ಮೇಡಮ್ಮನ ಹೆಸರು ಊರು ತಿಳಿಯದೆ ತಾಯಿ ಎಲ್ಲೆಲ್ಲೋ ಹುಡುಕಿದ್ದಳು.

"ನಿಮ್ಮತ್ರ ಏನ್ ಹೇಳ್ಕೊಂಡ್ಲಮ್ಮ?"

ಊರಿನವರ ಬಾಯನ್ನೆಲ್ಲ ಬಿಡಿಸಿದವಳು ಆಬಿದಾ. ತನ್ನ ಬಳಿ ಇರುವುದು ಬರೀ ಅಂಕಿ ಎಂದು ಈ ತಾಯಿಗೆ ಹೇಗೆ ಹೇಳುವುದು? ಗೋವಿಂದಮ್ಮ ಕೈ ಬಿಡದೆ ಅದನ್ನೇ ಮತ್ತೆ ಮತ್ತೆ ಕೇಳಿದಳು.

"ಸಂಜೆ ಹೊತ್ತು ತುಂಬಾ ಬೇಜಾರು ಅಂತಿದ್ಲು," ಎಂದಳು ಆಬಿದಾ ಕೊನೆಗೆ. "ಓದೋಕೆ ಬೇಜಾರೇನೋ ಅಂದ್ಕೊಂಡೆ."

ಗೋವಿಂದಮ್ಮ ಅವಳನ್ನೇ ನೋಡಿದಳು. ಕೋಪವಿರಲಿಲ್ಲ. ನಿಜವಾಗಿಯೂ ಅರ್ಥವಾಗದ ಮುಖ ಅದು. ಮೆಲ್ಲಗೆ ಕೈ ಸಡಿಲಿಸಿದಳು.

"ಮನೇಲಿ ಒಂಟಿಯಾಗಿ ಕೂತ್ಕೊಂಡು ಹುಡುಗಿ ದಿನಾ ಬೇಜಾರು ಅಂದ್ರೆ," ಎಂದಳು, "ಯಾಕಮ್ಮ ಅಂತ ಕೇಳಲ್ವಾ ಯಾರಾದ್ರೂ?"