ಒಂಬತ್ತು ಮನೆಯ ತಾಳೆ

ತಾಳೆ ಮೇಡಂ ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುತ್ತಾರೆ. ಗೇಟಿನವರೆಗೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ವಾಪಸು ಬಂದು ನಾಲ್ಕನೆಯ ಸಲ ಜಗ್ಗುವುದೂ ಉಂಟು. ಔಷಧಿ ಅಂಗಡಿ ಇಟ್ಟುಕೊಂಡಿರುವ ಅವರ ಗಂಡ ಸ್ಕೂಟರಿನ ಮೇಲೆ ಕೂತು ಕಾಯುತ್ತಾ, "ಇನ್ನೊಂದು ಸಲ ಜಗ್ಗಿದ್ರೆ ಬೀಗ ತಾನಾಗೇ ಕೈಗೆ ಬರುತ್ತೆ ಕಣೇ" ಎನ್ನುತ್ತಾರೆ. ಅತ್ತೆಯದು ಬೇರೆಯೇ ದೂರು: "ಮದುವೆಗೆ ಮುಂಚೆ ನನ್ನ ಮಗನ್ನ ಎರಡೆರಡು ಸಲ ಬಂದು ನೋಡ್ಕೊಂಡು ಹೋದವಳು ಇವಳು." ಅದಕ್ಕೆ ಮೇಡಂ ಉತ್ತರ ಸಿದ್ಧವಿರುತ್ತದೆ: "ಮೂರು ಸಲ ನೋಡಬೇಕಿತ್ತು ಅತ್ತೆ."

ಇಪ್ಪತ್ತೊಂಬತ್ತು ವರ್ಷದಿಂದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿರುವ ಅವರಿಗೆ ತಾಳೆ ಮೇಡಂ ಎಂದು ಹೆಸರಿಟ್ಟದ್ದು ಮಕ್ಕಳೇ. ಮೂರು ಅಡ್ಡಸಾಲು ಮೂರು ಕಂಬಸಾಲಿನ ಮ್ಯಾಟ್ರಿಕ್ಸಿಗೆ ವಿಲೋಮ ಕಂಡುಹಿಡಿದವರು ಪೆನ್ನು ಕೆಳಗಿಟ್ಟರೆ ಅವರಿಗೆ ಮೈಯೆಲ್ಲ ಉರಿ. "ಉತ್ತರ ಬಂತು ಅಂತ ಯಾರು ಹೇಳಿದ್ದು? ಮೊದಲಿನದಕ್ಕೆ ಅದನ್ನ ಗುಣಿಸು. ಒಂಬತ್ತು ಮನೆ ಇದೆ. ಕರ್ಣದ ಮೂರು ಮನೇಲಿ ಒಂದು, ಉಳಿದ ಆರರಲ್ಲಿ ಸೊನ್ನೆ. ಒಂಬತ್ತನ್ನೂ ತಾಳೆ ನೋಡಿದ ಮೇಲೆ ಬೇಕಾದ್ರೆ ನಿದ್ದೆ ಮಾಡು."

ಈ ಹಟ ಸುಮ್ಮನೆ ಬಂದದ್ದಲ್ಲ. ಅವರು ಪದವಿ ಓದುವಾಗ ಒಂದೇ ಒಂದು ಋಣಚಿಹ್ನೆ ಬಿಟ್ಟು ಎರಡು ಅಂಕಕ್ಕೆ ಫೇಲಾಗಿ, ಒಂದು ಇಡೀ ವರ್ಷ ಮನೆಯಲ್ಲಿ ಕೂತಿದ್ದರು. ಬಂದ ನೆಂಟರೆಲ್ಲ ಕಾಫಿ ಕುಡಿಯುತ್ತಾ "ಮುಂದೇನಮ್ಮಾ?" ಎಂದು ಕೇಳುತ್ತಿದ್ದುದು ಅವರಿಗೆ ಈಗಲೂ ಕನಸಿನಲ್ಲಿ ಕೇಳಿಸುತ್ತದೆ. ಎರಡು ಅಂಕ ಎಂದರೆ ಎರಡು ಅಂಕ ಅಲ್ಲ, ಒಂದು ವರ್ಷ ಎಂಬುದು ಅವರಿಗೆ ಗೊತ್ತು.

ಇಂಥವರನ್ನು ಈ ಸಲ ವಾರ್ಷಿಕ ಪರೀಕ್ಷೆಗೆ ಗಣಿತದ ಮುಖ್ಯ ಮೌಲ್ಯಮಾಪಕಿಯನ್ನಾಗಿ ಮಾಡಿದರು. ಮಾದರಿ ಉತ್ತರ ಬರೆಯುವುದು ಅವರು. ಅದನ್ನು ಮುಂದಿಟ್ಟುಕೊಂಡು ಅಂಕ ಹಾಕುವವರು ಇಪ್ಪತ್ತನಾಲ್ಕು ಮಂದಿ. ಪಕ್ಕದ ಕಾಲೇಜಿನ ಗಡ್ಡದ ಮೇಷ್ಟ್ರು ಆ ಜಾಗ ತಮಗೇ ಎಂದು ಹೊಸ ಅಂಗಿ ಕೂಡ ಹೊಲಿಸಿಕೊಂಡಿದ್ದರಂತೆ. ಹೊಲಿಸಿದ್ದು ದಂಡವಾಗಬಾರದೆಂದು ಮೊದಲ ದಿನ ಅದನ್ನೇ ತೊಟ್ಟು, ಎರಡನೆಯ ಸಾಲಿನ ಮೇಜಿನಲ್ಲಿ ಕೂತಿದ್ದರು.

ಆ ದಿನ ಬೆಳಗ್ಗೆ ಎಂಟಕ್ಕೆ ಮೇಡಂ ಮೌಲ್ಯಮಾಪನ ಕೇಂದ್ರದ ಕಚೇರಿಯ ಕೋಣೆಯಲ್ಲಿ ಮಾದರಿ ಉತ್ತರ ಬರೆಯುತ್ತಿದ್ದರು. ಹದಿನಾಲ್ಕನೆಯ ಪ್ರಶ್ನೆ ಅವರ ಪ್ರೀತಿಯದೇ: ಅಡ್ಡಸಾಲಿನ ಕ್ರಿಯೆಗಳಿಂದ ವಿಲೋಮ ಕಂಡುಹಿಡಿದು, ಗುಣಿಸಿ ತಾಳೆ ನೋಡಿ. ಐದು ಅಂಕ. ಕೊಟ್ಟ ಮ್ಯಾಟ್ರಿಕ್ಸಿನ ಮೊದಲ ಸಾಲು 0, 1, 1; ಎರಡನೆಯದು 1, 2, 3; ಮೂರನೆಯದು 2, 5, 8. ಎಡಕ್ಕೆ ಇದನ್ನು ಬರೆದು, ನಡುವೆ ಗೆರೆ ಎಳೆದು, ಬಲಕ್ಕೆ ಕರ್ಣದಲ್ಲಿ ಮಾತ್ರ ಒಂದು ಇರುವ ಮ್ಯಾಟ್ರಿಕ್ಸನ್ನು ಬರೆಯಬೇಕು. ಎಡಕ್ಕೆ ಮಾಡಿದ್ದನ್ನೆಲ್ಲ ಬಲಕ್ಕೂ ಮಾಡುತ್ತಾ ಹೋದರೆ, ಎಡಗಡೆ ಒಂದು-ಸೊನ್ನೆಗಳಾಗುವ ಹೊತ್ತಿಗೆ ಬಲಗಡೆ ವಿಲೋಮ ಕೂತಿರುತ್ತದೆ. ಮೊದಲ ಮನೆಯಲ್ಲೇ ಸೊನ್ನೆ ಇದ್ದುದರಿಂದ ಮೇಡಂ ಮೊದಲ ಎರಡು ಸಾಲುಗಳನ್ನು ಅದಲುಬದಲು ಮಾಡಿದರು. ಎಡಗಡೆ ಬರೆದಾಗಿತ್ತು. ಬಲಗಡೆಗೆ ಪೆನ್ನು ಇಡುವಷ್ಟರಲ್ಲಿ ನಾಲ್ಕು ಜನ ಸಹೋದ್ಯೋಗಿಗಳು ಒಳಗೆ ನುಗ್ಗಿ, "ಮುಖ್ಯ ಮೌಲ್ಯಮಾಪಕಿಗೆ ಅಭಿನಂದನೆ!" ಎಂದು ಕೂಗಿದರು.

ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರೂ ಅವರಿಗೆ ಹಾಗೆ ಕೂಗಿರಲಿಲ್ಲ. ಮೇಡಂ ನಕ್ಕರು, ನಾಚಿದರು, ಕಾಫಿ ಕುಡಿದರು. ಬಾಗಿಲಲ್ಲಿ ಝೆರಾಕ್ಸಿನವನು ಬೇರೆ, "ಮೇಡಂ, ಮಿಷನ್ ಬಿಸಿ ಮಾಡಿಟ್ಟಿದೀನಿ" ಎಂದು ಅವಸರಿಸುತ್ತಿದ್ದ. ಮತ್ತೆ ಕೂತು ಲೆಕ್ಕ ಮುಗಿಸಿದರು. ತಾಳೆ ನೋಡಲು ಕೆಳಗಿನ ಸಾಲಿನಿಂದ ಶುರುಮಾಡಿದರು: ಸೊನ್ನೆ, ಸೊನ್ನೆ, ಒಂದು. ಸರಿಯಾಗಿದೆ. ಮೂರು ಮನೆ ಸರಿ ಇದ್ದ ಮೇಲೆ ಉಳಿದ ಆರು ಎಲ್ಲಿಗೆ ಹೋಗುತ್ತವೆ? ಹಾಳೆ ಕೊಟ್ಟುಬಿಟ್ಟರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಹೇಳಿದ್ದು ಇಂಥ ಹೊತ್ತಿಗೇ ಇರಬೇಕು.

ದಿನ ಸಲೀಸಾಗಿ ನಡೆಯಿತು. ಫ್ಯಾನುಗಳು ಕಿರ್‍ರೆನ್ನುತ್ತಿದ್ದವು, ಕೆಂಪು ಪೆನ್ನುಗಳು ಓಡುತ್ತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಗಡ್ಡದ ಮೇಷ್ಟ್ರು, "ಮೇಡಂ, ಹದಿನಾಲ್ಕನೇದು ಬಹಳ ಜನ ತಪ್ಪು ಮಾಡಿದಾರೆ. ಎಲ್ಲರದ್ದೂ ಒಂದೇ ತಪ್ಪು. ಮಾತಾಡ್ಕೊಂಡು ಬರೆದ ಹಾಗಿದೆ" ಎಂದರು.

"ಅದಲುಬದಲು ಮಾಡುವಾಗ ಎಡಗಡೆ ಮಾಡ್ತಾರೆ, ಬಲಗಡೆ ಮರೀತಾರೆ. ಅದು ಅವರ ಹಳೇ ಕಾಯಿಲೆ ಸಾರ್" ಎಂದು ಮೇಡಂ ಮೊಸರು ಕಲಸಿಕೊಂಡರು.

ಇಪ್ಪತ್ತನಾಲ್ಕು ಗಣಿತದ ಮೇಷ್ಟ್ರುಗಳಲ್ಲಿ ಒಬ್ಬರೂ ಆ ಉತ್ತರವನ್ನು ಗುಣಿಸಿ ನೋಡಿರಲಿಲ್ಲ. ಯಾಕೆ ನೋಡಬೇಕು? ಬರೆದವರು ತಾಳೆ ಮೇಡಂ. ಆನೆ ನಡೆದದ್ದೇ ದಾರಿ.

ಮೂರೂವರೆಗೆ ಮೇಡಂ ತಮ್ಮ ಪಾಲಿನ ಕಟ್ಟಿನಲ್ಲಿ ಒಂದು ಉತ್ತರಪತ್ರಿಕೆ ತೆಗೆದರು. ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ. ಕಷ್ಟಪಟ್ಟು ಓದಿದ, ಆದರೆ ಗಣಿತ ಅಷ್ಟಾಗಿ ಬರದ ಮಗು, ಉಳಿದದ್ದೆಲ್ಲ ಅರ್ಧಂಬರ್ಧ. ಹದಿನಾಲ್ಕನೆಯದರ ಉತ್ತರ ಮಾದರಿಯದಲ್ಲ. ಕ್ರಮಕ್ಕೆ ಎರಡು ಅಂಕ ಕೊಟ್ಟು, ಉತ್ತರಕ್ಕೆ ಅಡ್ಡಗೆರೆ ಎಳೆದರು. ಕೂಡಿದರೆ ಮೂವತ್ತೆರಡು. ಪಾಸಾಗಲು ಮೂವತ್ತೈದು ಬೇಕು.

ಪುಟ ಮಗುಚುವಾಗ ಹಿಂಬದಿಯಲ್ಲಿ ತಾಳೆ ಕಂಡಿತು. ಒಂಬತ್ತು ಗುಣಾಕಾರ, ಒಂದೊಂದೂ ಬಿಡಿಸಿ ಬರೆದದ್ದು, ಕೊನೆಯಲ್ಲಿ "ಸರಿಯಿದೆ" ಎಂಬ ಮಾತು. ಮೇಡಂಗೆ ನಗು ಬಂತು. ಗುಣಿಸದೆಯೇ ಒಂದು-ಸೊನ್ನೆ ಜೋಡಿಸಿಡುವ ಕಳ್ಳತಾಳೆಗಳನ್ನು ಅವರು ಎಷ್ಟು ನೋಡಿಲ್ಲ! ಎಲ್ಲಿ ಸುಳ್ಳು ಹೇಳಿದೆಯಮ್ಮಾ, ಹುಡುಗನಾದರೆ ಎಲ್ಲಿ ಹೇಳಿದೆಯಪ್ಪಾ, ಹಿಡಿಯುತ್ತೇನೆ ಎಂದು ಒಂದೊಂದನ್ನೇ ಗುಣಿಸುತ್ತಾ ಹೋದರು. ಮೊದಲ ಮನೆ ನಿಜ. ಎರಡನೆಯದೂ ನಿಜ. ಒಂಬತ್ತೂ ನಿಜ.

ತಮ್ಮ ಹಾಳೆ ಎಳೆದುಕೊಂಡು ಮೊದಲ ಮನೆ ಗುಣಿಸಿದರು. ಒಂದು ಬರಬೇಕಾದಲ್ಲಿ ಸೊನ್ನೆ ಬಂತು.

ಅಭಿನಂದನೆಯ ಗದ್ದಲದಲ್ಲಿ ಬಲಗಡೆಯ ಸಾಲುಗಳನ್ನು ಅದಲುಬದಲು ಮಾಡುವುದು ಬಿಟ್ಟುಹೋಗಿತ್ತು. ಹಾಗಾಗಿ ವಿಲೋಮದ ಮೊದಲ ಎರಡು ಕಂಬಸಾಲುಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿದ್ದವು. ತಾಳೆಯಲ್ಲಿ ಕೆಡುವುದು ಮೇಲಿನ ಎರಡು ಸಾಲು ಮಾತ್ರ. ಕೆಳಗಿನದು ಸರಿಯಾಗಿಯೇ ಬರುತ್ತದೆ. ಅವರು ನೋಡಿದ್ದು ಅದೊಂದನ್ನೇ. ಮಕ್ಕಳ ಹಳೇ ಕಾಯಿಲೆ ಮೇಡಂಗೇ ಅಂಟಿತ್ತು.

ಐದೂವರೆಗೆ ಕಟ್ಟುಗಳನ್ನು ಒಯ್ಯುವ ವ್ಯಾನು ಬರುತ್ತದೆ. ಮೇಡಂ ಕೇಂದ್ರದ ಮುಖ್ಯಸ್ಥರ ಬಳಿ ಹೋಗಿ ವಿಷಯ ಹೇಳಿದರು. ಒಳ್ಳೆಯ ಮನುಷ್ಯ, ಒಳ್ಳೆಯವರ ಸಲಹೆಯೇ ಕೆಲವೊಮ್ಮೆ ಅಪಾಯ. ಅವರು ದನಿ ತಗ್ಗಿಸಿ, "ಝೆರಾಕ್ಸಲ್ಲಿ ಎಡವಟ್ಟಾಯ್ತು ಅಂತ ಹೇಳಿಬಿಡೋಣ ಮೇಡಂ. ನಿಮ್ಮ ಹೆಸರು ಯಾಕೆ ಕೆಡಬೇಕು?" ಎಂದರು.

ಮೇಡಂಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ನಿಜವಾಗಿಯೂ ಆಸೆಯಾಯಿತು. ಗಡ್ಡದ ಮೇಷ್ಟ್ರ ಮುಖ ನೆನಪಾಗಿ ಇನ್ನೂ ಹೆಚ್ಚಾಯಿತು. ಆದರೆ ಕಾರಿಡಾರಿನಲ್ಲಿ ಝೆರಾಕ್ಸಿನವನು ಮಿಷನ್ನಿನ ಮುಚ್ಚಳ ಒರೆಸುತ್ತಾ ನಿಂತಿದ್ದ.

"ಬೇಡ ಸಾರ್. ಝೆರಾಕ್ಸ್ ತಪ್ಪು ಅಂದ್ರೆ ಜನ ಇನ್ಮೇಲೂ ನನ್ನ ಉತ್ತರ ನೋಡಿ ಕಣ್ಣು ಮುಚ್ಚಿಕೊಳ್ತಾರೆ."

ಹಾಲಿಗೆ ಬಂದು ಬೋರ್ಡಿನ ಮುಂದೆ ನಿಂತರು. "ಎಲ್ಲರೂ ಪೆನ್ನು ಕೆಳಗಿಡಿ. ಹದಿನಾಲ್ಕನೇ ಉತ್ತರ ತಪ್ಪು. ತಪ್ಪು ನನ್ನದು. ಮೂರು ಮನೆ ನೋಡಿ ಆರು ಬಿಟ್ಟೆ."

ಮೇಡಂ ಬರೆಯತೊಡಗಿದರು. ಅದಲುಬದಲು, ಈ ಸಲ ಎರಡೂ ಕಡೆ. ಮೂರನೆಯ ಸಾಲಿನಿಂದ ಮೊದಲನೆಯದರ ಎರಡರಷ್ಟನ್ನು ಕಳೆದರು, ಆಮೇಲೆ ಎರಡನೆಯದನ್ನು ಕಳೆದರು. ಎಡಗಡೆ ಕೆಳಗಿನ ಸಾಲು 0, 0, 1 ಆಯಿತು. ಅದನ್ನು ಹಿಡಿದು ಮೇಲಕ್ಕೆ ಹತ್ತಿದರು: ಎರಡನೆಯದರಿಂದ ಮೂರನೆಯದನ್ನು ಕಳೆದು, ಮೊದಲನೆಯದರಿಂದ ಮೂರನೆಯದರ ಮೂರರಷ್ಟು, ಮತ್ತೆ ಎರಡನೆಯದರ ಎರಡರಷ್ಟು ಕಳೆದರು. ಬಲಗಡೆ ಉಳಿದದ್ದು:

−1  3  −1
2  2  −1
−1  −2  1

"ಈಗ ತಾಳೆ. ಜೋರಾಗಿ ಹೇಳಿ."

ಮೊದಮೊದಲು ಇಬ್ಬರು ಮೂವರು, ಆಮೇಲೆ ಇಡೀ ಹಾಲು, ಪ್ರಾಥಮಿಕ ಶಾಲೆಯ ಮಕ್ಕಳ ಹಾಗೆ: "ಒಂದು! ಸೊನ್ನೆ! ಸೊನ್ನೆ!" ಎರಡನೆಯ ಸಾಲು: "ಸೊನ್ನೆ! ಒಂದು! ಸೊನ್ನೆ!"

"ಸಾಕು ಬಿಡಿ ಮೇಡಂ, ಕೆಳಗಿಂದು ಬೆಳಗ್ಗೆನೇ ಸರಿ ಇತ್ತಲ್ಲ" ಎಂದರು ಕಿಟಕಿಯ ಪಕ್ಕದ ಒಬ್ಬರು.

"ಬೆಳಗ್ಗೆ ನಾನೂ 'ಸಾಕು' ಅಂದಿದ್ದೆ" ಎಂದರು ಮೇಡಂ. ಹಾಲಿಗೆ ಹಾಲೇ ನಕ್ಕಿತು. ಅವರು ನಗದೆ ಉಳಿದ ಮೂರನ್ನೂ ಗುಣಿಸಿ ಮುಗಿಸಿದರು.

ಆಗ ಗಡ್ಡದ ಮೇಷ್ಟ್ರು ಎದ್ದರು. "ಮೇಡಂ, ಬೆಳಗ್ಗೆಯಿಂದ ನಲವತ್ತು ಪೇಪರಲ್ಲಿ ಒಂದೇ ಉತ್ತರ ನೋಡಿ, ಒಂದು ಸಲಾನೂ ಗುಣಿಸದೆ ನಲವತ್ತು ಸಲ ಗೆರೆ ಹಾಕಿದೀನಿ. ನೀವು ಆರು ಮನೆ ಬಿಟ್ರಿ, ನಾನು ಒಂಬತ್ತೂ ಬಿಟ್ಟೆ" ಎಂದು ಹೊಸ ಅಂಗಿಯ ತೋಳು ಮಡಚಿದರು. "ಕಟ್ಟು ಬಿಚ್ರಪ್ಪ. ವ್ಯಾನು ಕಾಯಲಿ."

ಕಟ್ಟುಗಳು ಬಿಚ್ಚಿಕೊಂಡವು. ತಪ್ಪಿಗೆ ಪೂರ್ತಿ ಅಂಕ ಪಡೆದ ಕೆಲವರ ಅಂಕ ಇಳಿಯಿತು, ಬಹಳ ಜನರದು ಏರಿತು. ಗೊಣಗಿದವರೂ ಗೊಣಗುತ್ತಲೇ ತಿದ್ದಿದರು. ವ್ಯಾನು ಮುಕ್ಕಾಲು ಗಂಟೆ ಕಾಯಿತು. ಝೆರಾಕ್ಸಿನವನು ಡ್ರೈವರಿಗೆ ಕಾಫಿ ಕುಡಿಸಿ ಮಾತಿಗೆಳೆದಿದ್ದ.

ದಪ್ಪ ಅಕ್ಷರದ ಪತ್ರಿಕೆಯನ್ನು ಮೇಡಂ ಕೊನೆಗೆ ಉಳಿಸಿಕೊಂಡಿದ್ದರು. ಹಳೆಯ ಗೆರೆಯನ್ನು ಹೊಡೆದುಹಾಕಿ ಐದು ಬರೆದು, ಪಕ್ಕದಲ್ಲಿ ರುಜು ಹಾಕಿದರು. ಒಟ್ಟು ಮೂವತ್ತೈದು. ಮೇಲಿನಿಂದ ಕೂಡಿದರು, ಕೆಳಗಿನಿಂದ ಕೂಡಿದರು, ಬೀಗ ಜಗ್ಗುವ ಹಾಗೆ ಮೂರನೆಯ ಸಲವೂ ಕೂಡಿದರು. ಮೂವತ್ತೈದೇ. ಯಾವ ಮನೆಯ ಮಗುವೋ. ಬರುವ ನೆಂಟರಿಗೆಲ್ಲ ಉತ್ತರ ಹೇಳುತ್ತಾ ಒಂದು ವರ್ಷ ಕೂರುವುದು ತಪ್ಪಿತು. ಮೇಡಂಗೆ ಕಣ್ಣು ತುಂಬಿ ಬಂತು.

ಮರುಪರಿಶೀಲನೆಗೆ ಪತ್ರಿಕೆ ತೆಗೆದುಕೊಂಡ ಗಡ್ಡದ ಮೇಷ್ಟ್ರು ಹಿಂಬದಿ ನೋಡಿ ಹುಬ್ಬೇರಿಸಿದರು. "ಏನ್ ಮೇಡಂ ಇದು? ಒಂದು ಲೆಕ್ಕಕ್ಕೆ ಒಂಬತ್ತು ಟಿಕ್ಕಾ?"

"ಒಂಬತ್ತೂ ನೋಡಿದೀನಿ ಸಾರ್" ಎಂದರು ತಾಳೆ ಮೇಡಂ. "ಆದ್ರೂ ನೀವೂ ಒಂದು ಸಲ ನೋಡಿಬಿಡಿ."

ಗಡ್ಡದ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತು, ಮೊದಲ ಮನೆಯಿಂದ ಗುಣಿಸತೊಡಗಿದರು.